ತಲೆಸ್ನಾನಕ್ಕೆ ಮುಂಚೆ ಎಣ್ಣೆ: ತೆಳು ಕೂದಲಿಗೆ ಎಷ್ಟು ಹೊತ್ತು, ದಪ್ಪ ಕೂದಲಿಗೆ ಎಷ್ಟು ಹೊತ್ತು?

ನನ್ನ ಕೂದಲು ತೆಳು, ನನ್ನ ತಂಗಿಯದು ದಪ್ಪ. ಚಿಕ್ಕಂದಿನಿಂದ ಇಬ್ಬರಿಗೂ ಒಂದೇ ಬಾಟಲಿಯ ಕೊಬ್ಬರಿ ಎಣ್ಣೆ. ಒಂದೇ ರಾತ್ರಿ ಹಚ್ಚಿಕೊಂಡು ಒಂದೇ ಬೆಳಿಗ್ಗೆ ತೊಳೆಯುತ್ತಿದ್ದೆವು. ಒಣಗಿದ ಮೇಲೆ ಅವಳ ಕೂದಲು ಹೊಳೆಯುತ್ತಾ, ಹೇಳಿದ ಮಾತು ಕೇಳುತ್ತಾ ಜಡೆಗೆ ಬರುತ್ತಿತ್ತು. ನನ್ನದು ನೆತ್ತಿಗೆ ಅಂಟಿಕೊಂಡು ಕೂತಿರುತ್ತಿತ್ತು. ಸಂಜೆ ಹೊತ್ತಿಗೆ ನೋಡಿದರೆ ತೊಳೆದೇ ಇಲ್ಲವೇನೋ ಅನ್ನಿಸುತ್ತಿತ್ತು. ಅದಕ್ಕೆ ನಾನು ಎರಡು ಸಲ, ಕೆಲವೊಮ್ಮೆ ಮೂರು ಸಲ ಶಾಂಪೂ ಹಾಕಲು ಶುರು ಮಾಡಿದೆ. ಹಾಗೆ ಉಜ್ಜಿ ಉಜ್ಜಿ ತುದಿಗಳು ಒರಟಾದವು. ಒರಟಾಯಿತಲ್ಲ ಅಂತ ಮುಂದಿನ ವಾರ ಇನ್ನೂ ಜಾಸ್ತಿ ಎಣ್ಣೆ ಹಚ್ಚಿದೆ. ಈ ಸುತ್ತಿನಿಂದ ಹೊರಗೆ ಬರಲು ನನಗೆ ವರ್ಷಗಳೇ ಹಿಡಿದವು.

ತಪ್ಪು ಎಣ್ಣೆಯದಲ್ಲ, ಕೂದಲಿನದೂ ಅಲ್ಲ. ತೆಳು ಎಳೆಗೂ ದಪ್ಪ ಎಳೆಗೂ ಒಂದೇ ಅಳತೆ, ಒಂದೇ ಹೊತ್ತು ಇಟ್ಟಿದ್ದೇ ತಪ್ಪು. ಯಾವ ಎಳೆಗೆ ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಯಾಕೆ ಅಂತ ಇಲ್ಲಿ ಬರೆದಿದ್ದೇನೆ. ನಿಮ್ಮ ತಲೆಯ ಮೇಲೆ ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯೂ ಇದೆ.

ಮೊದಲು ಒಂದು ಎಳೆಯನ್ನು ಕೈಯಲ್ಲಿ ಹಿಡಿದು ನೋಡಿ

"ನನ್ನ ಕೂದಲು ತೆಳು" ಅಂತ ನಾವು ಎರಡು ಅರ್ಥದಲ್ಲಿ ಹೇಳುತ್ತೇವೆ. ಒಂದು, ಪ್ರತಿ ಎಳೆಯೂ ನವಿರಾಗಿದೆ ಅನ್ನೋದು. ಇನ್ನೊಂದು, ತಲೆ ತುಂಬ ಕೂದಲಿಲ್ಲ, ಬೈತಲೆ ಅಗಲವಾಗಿ ಕಾಣುತ್ತದೆ ಅನ್ನೋದು. ಎರಡೂ ಬೇರೆ ಬೇರೆ ವಿಷಯ. ಎಳೆ ನವಿರಾಗಿದ್ದೂ ಕೂದಲು ಒತ್ತಾಗಿ ಇರಬಹುದು. ಎಳೆ ದಪ್ಪ ಇದ್ದೂ ಕೂದಲು ವಿರಳವಾಗಿರಬಹುದು. ಎಣ್ಣೆಯನ್ನು ಎಷ್ಟು ಹೊತ್ತು ಬಿಡಬೇಕು ಅನ್ನೋದಕ್ಕೆ ನೋಡಬೇಕಾದ್ದು ಎಳೆಯ ದಪ್ಪವನ್ನು. ಒಟ್ಟು ಎಷ್ಟು ಎಣ್ಣೆ ಬೇಕು ಅನ್ನೋದಕ್ಕೆ ಮಾತ್ರ ಕೂದಲಿನ ಒತ್ತು ಮತ್ತು ಉದ್ದ ಲೆಕ್ಕಕ್ಕೆ ಬರುತ್ತವೆ.

ಬಾಚಣಿಗೆಗೆ ಬಂದ ಒಂದು ಒಣ ಎಳೆಯನ್ನು ತೆಗೆದುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿ. ಬೆರಳಿಗೆ ಏನೂ ಇಲ್ಲವೇನೋ ಅನ್ನಿಸಿದರೆ ಅದು ತೆಳು ಎಳೆ. ಸಣ್ಣ ದಾರ ಹೊರಳಿದ ಹಾಗೆ ಸ್ಪಷ್ಟವಾಗಿ ತಿಳಿದರೆ ದಪ್ಪ ಎಳೆ. ಇದೆ ಅಂತ ಗೊತ್ತಾಗುತ್ತದೆ, ಆದರೆ ಒತ್ತುವುದಿಲ್ಲ ಅಂದರೆ ಮಧ್ಯಮ. ಅಳತೆಯಲ್ಲಿ ಹೇಳುವುದಾದರೆ ತೆಳು ಎಳೆ ಸುಮಾರು 50 ಮೈಕ್ರಾನ್ ಇರುತ್ತದೆ, ದಪ್ಪ ಎಳೆ 100 ಮೈಕ್ರಾನಿನ ಆಸುಪಾಸು. ಒಂದು ಮಿಲಿಮೀಟರಿಗೆ 1000 ಮೈಕ್ರಾನ್.

ಒಂದೇ ಎಳೆ ನೋಡಿ ತೀರ್ಮಾನ ಮಾಡಬೇಡಿ. ಹಣೆಯ ಅಂಚಿನದೊಂದು, ನಡುನೆತ್ತಿಯದೊಂದು, ಹಿಂಗತ್ತಿನದೊಂದು ಎಳೆ ನೋಡಿ. ನನ್ನ ತಲೆಯಲ್ಲೇ ಹಣೆಯ ಹತ್ತಿರದ ಕೂದಲು ರೇಷ್ಮೆಯಷ್ಟು ನವಿರು, ಹಿಂದಿನದು ಮಧ್ಯಮ. ಹೀಗಿದ್ದಾಗ ಎರಡು ಜಾಗಕ್ಕೂ ಒಂದೇ ಥರ ಹಚ್ಚಲೇಬೇಕು ಅಂತೇನಿಲ್ಲ.

ಎಣ್ಣೆ ಮಾಡುವ ಕೆಲಸ ನೀರಿಗೆ ಮುಂಚಿನದು

ಕೂದಲಿನ ಎಳೆಯ ಹೊರಗೆ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರಗಳಿವೆ. ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ. ಒಳಗಿರುವುದು ಹೆಚ್ಚಾಗಿ ಪ್ರೋಟೀನ್. ನೀರು ತಾಗಿದಾಗ ಎಳೆ ಅದನ್ನು ಹೀರಿಕೊಂಡು ಉಬ್ಬುತ್ತದೆ. ಉದ್ದದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ದಪ್ಪದಲ್ಲಿ ಮಾತ್ರ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿಯೇ ಹಿಗ್ಗುತ್ತದೆ. ಉಬ್ಬಿದಾಗ ಹೊರಗಿನ ಹೆಂಚುಗಳ ಅಂಚು ಏಳುತ್ತದೆ. ಅದೇ ಹೊತ್ತಿಗೆ ನಾವು ಶಾಂಪೂ ಹಾಕಿ ಉಜ್ಜುತ್ತೇವೆ, ಟವೆಲಿನಿಂದ ತಿಕ್ಕುತ್ತೇವೆ, ಬಾಚುತ್ತೇವೆ. ಹೆಂಚು ಸವೆಯುವುದು ಆವಾಗಲೇ. ಒಳಗಿನ ಪ್ರೋಟೀನೂ ಸ್ವಲ್ಪ ಸ್ವಲ್ಪವಾಗಿ ಕಳೆದುಹೋಗುತ್ತದೆ.

ಮುಂಚೆಯೇ ಎಳೆಯೊಳಗೆ ಸ್ವಲ್ಪ ಎಣ್ಣೆ ಇಳಿದಿದ್ದರೆ ನೀರಿಗೆ ಅಷ್ಟು ಜಾಗ ಸಿಗುವುದಿಲ್ಲ. ಉಬ್ಬುವುದು ಕಡಿಮೆಯಾಗುತ್ತದೆ, ಸವೆಯುವುದೂ ಕಡಿಮೆಯಾಗುತ್ತದೆ. ಹೊರಗೆ ಉಳಿದ ಎಣ್ಣೆ ಎಳೆಗಳು ಒಂದಕ್ಕೊಂದು ಉಜ್ಜದ ಹಾಗೆ ಜಾರಿಸುತ್ತದೆ. ತೊಳೆಯುವ ಮುಂಚಿನ ಎಣ್ಣೆಯ ಕೆಲಸ ಇಷ್ಟೇ. ಅದು ಕೂದಲನ್ನು ಬೆಳೆಸುವುದಿಲ್ಲ. ಚರ್ಮದಿಂದ ಹೊರಬಂದ ಎಳೆಗೆ ಜೀವವಿಲ್ಲ, ಅದಕ್ಕೆ ಪೋಷಣೆ ಅನ್ನೋದೂ ಇಲ್ಲ. ಇರುವ ಎಳೆ ಸವೆಯದಂತೆ ಕಾಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಎಲ್ಲಾ ಎಣ್ಣೆಯೂ ಒಳಗೆ ಇಳಿಯುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದ್ದರು. ಪ್ರೋಟೀನ್ ಕಳೆದುಹೋಗುವುದನ್ನು ಗಮನಕ್ಕೆ ಬರುವಷ್ಟು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿ ಜಾಸ್ತಿ ಇರುವ ಲಾರಿಕ್ ಆಮ್ಲದ ಸರಪಳಿ ಚಿಕ್ಕದು, ನೇರವಾದದ್ದು. ಅದಕ್ಕೇ ಎಳೆಯೊಳಗೆ ನುಸುಳಲು ಸುಲಭ. ಮಿನರಲ್ ಆಯಿಲ್ ಹೊರಗೇ ನಿಲ್ಲುತ್ತದೆ. ಹೊಳಪು ಕೊಡುತ್ತದೆ, ಸಿಕ್ಕು ಬಿಡಿಸಲು ನೆರವಾಗುತ್ತದೆ, ಅಷ್ಟೇ. ಹೊತ್ತಿನ ಲೆಕ್ಕಕ್ಕೆ ಇದು ತುಂಬ ಮುಖ್ಯ. ಹೊರಗೇ ನಿಲ್ಲುವ ಎಣ್ಣೆಯನ್ನು ಹತ್ತು ನಿಮಿಷ ಬಿಟ್ಟರೂ ಒಂದೇ, ರಾತ್ರಿಯಿಡೀ ಬಿಟ್ಟರೂ ಒಂದೇ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಒಮ್ಮೆ ಓದಿ. ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಮೊದಲ ಹೆಸರಾಗಿದ್ದರೆ ಕಾಯುವುದರಿಂದ ಲಾಭವಿಲ್ಲ.

ಇಲ್ಲಿಂದ ಮುಂದೆ ನಾನು ಎಣ್ಣೆ ಅಂದರೆ ಏನೂ ಬೆರೆಸದ ಕೊಬ್ಬರಿ ಎಣ್ಣೆ ಅಂತಲೇ ಇಟ್ಟುಕೊಳ್ಳಿ.

ದಪ್ಪ ಎರಡರಷ್ಟಾದರೆ ಏನೇನು ಬದಲಾಗುತ್ತದೆ

50 ಮೈಕ್ರಾನಿನ ಎಳೆ ಮತ್ತು 100 ಮೈಕ್ರಾನಿನ ಎಳೆ ಅಂದರೆ ಬರೀ ಎರಡರಷ್ಟು ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಆದರೆ ಎರಡು ಕಡೆ ಅದು ತುಂಬ ದೊಡ್ಡದಾಗುತ್ತದೆ.

ಮೊದಲನೆಯದು ಹೊತ್ತು. ಹೊರಗಿನ ಎಣ್ಣೆ ಎಳೆಯ ನಡುವಿಗೆ ಮೆಲ್ಲಗೆ ಇಳಿದು ಹೋಗಬೇಕು. ಹೀಗೆ ಇಳಿಯುವ ಪದಾರ್ಥಕ್ಕೆ ದಾರಿ ಎರಡರಷ್ಟು ಉದ್ದವಾದರೆ ಹೊತ್ತು ಸುಮಾರು ನಾಲ್ಕರಷ್ಟು ಬೇಕು. ದಪ್ಪ ಎಳೆಗೆ ನಾಲ್ಕು ಗಂಟೆ ಬೇಕಾದ ಕಡೆ ತೆಳು ಎಳೆಗೆ ಒಂದು ಗಂಟೆ ಸಾಕು ಅಂತ ನಾನು ಹೇಳುವುದು ಇದೇ ಲೆಕ್ಕದ ಮೇಲೆ. ಕೂದಲು ಯಂತ್ರವಲ್ಲ, ನಿಮಿಷಕ್ಕೆ ಸರಿಯಾಗಿ ಹೊಂದುವುದಿಲ್ಲ. ಆದರೂ ಎರಡರ ನಡುವಿನ ಅಂತರ ಸರಿಯಾಗಿ ಗೊತ್ತಾಗುತ್ತದೆ.

ಎರಡನೆಯದು ಬಿಗಿ. ಎಳೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಜೊತೆ ಭಾರಿ ವೇಗದಲ್ಲಿ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗಿ ಹದಿನಾರರಷ್ಟು. ಹಾಗಾಗಿ ದಪ್ಪ ಎಳೆಯ ಮೇಲೆ ಸ್ವಲ್ಪ ಎಣ್ಣೆ ಉಳಿದರೂ ಅದು ತನ್ನ ಪಾಡಿಗೆ ನಿಂತಿರುತ್ತದೆ. ತೆಳು ಎಳೆಗಳ ಮೇಲೆ ಅಷ್ಟೇ ಎಣ್ಣೆ ಉಳಿದರೆ ಅವು ಪಕ್ಕದ ಎಳೆಗಳಿಗೆ ಅಂಟಿ, ಹತ್ತಿಪ್ಪತ್ತು ಎಳೆ ಸೇರಿ ಒಂದು ಗೊಂಚಲಾಗಿ, ನೆತ್ತಿಯ ಮೇಲೆ ಮಲಗಿಬಿಡುತ್ತವೆ. ಎಣ್ಣೆಯ ಭಾರಕ್ಕೆ ಕೂದಲು ಬಿತ್ತು ಅಂತ ನಾವು ಹೇಳುತ್ತೇವೆ. ಅಸಲಿಗೆ ಭಾರಕ್ಕಿಂತ ಈ ಅಂಟೇ ಜಾಸ್ತಿ ಕೆಲಸ ಮಾಡುತ್ತದೆ. ಗೊಂಚಲುಗಳ ನಡುವೆ ನೆತ್ತಿ ಬಿಳಿಯಾಗಿ ಕಾಣುವುದು, ಇರುವ ಕೂದಲೂ ಇನ್ನೂ ಕಡಿಮೆ ಅನ್ನಿಸುವುದು ಅದಕ್ಕೇ.

ಹೀಗಾಗಿ ತೆಳು ಕೂದಲಿನವರಿಗೆ ಎಣ್ಣೆಯಿಂದ ಕೆಡುವುದು ಎಣ್ಣೆ ಹಚ್ಚಿದಾಗ ಅಲ್ಲ. ಅದನ್ನು ತೆಗೆಯಲು ಬಳಸುವ ಎರಡನೇ, ಮೂರನೇ ಶಾಂಪೂವಿನಲ್ಲಿ ಕೆಡುತ್ತದೆ. ಎಣ್ಣೆ ಉಳಿಸಿದ್ದನ್ನು ಆ ಉಜ್ಜಾಟ ಕಳೆಯುತ್ತದೆ. ಒಂದೇ ಸಲದ ಶಾಂಪೂವಿಗೆ ಪೂರ್ತಿ ಹೋಗುವಷ್ಟು ಮಾತ್ರ ಹಚ್ಚಬೇಕು. ತೆಳು ಕೂದಲಿಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೊಂದೇ.

ತೆಳು ಕೂದಲಿಗೆ ಹಚ್ಚುವ ಕ್ರಮ

ಕೂದಲು ಪೂರ್ತಿ ಒಣಗಿರಲಿ. ಒದ್ದೆ ಕೂದಲಿಗೆ ಹಚ್ಚಿದರೆ ಎಳೆ ಆಗಲೇ ನೀರು ಕುಡಿದು ಉಬ್ಬಿರುತ್ತದೆ. ಆಮೇಲೆ ಹಚ್ಚಿದ್ದು ಕಾವಲಿಗೆ ಬರುವುದಿಲ್ಲ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ.

ಭುಜದವರೆಗಿನ ತೆಳು ಕೂದಲಿಗೆ ಅರ್ಧ ಟೀ ಚಮಚ, ಅಂದರೆ ಎರಡೂವರೆ ಮಿಲಿಲೀಟರ್ ಎಣ್ಣೆ ಸಾಕು. ಅದು ಅಂಗೈಯಲ್ಲಿ ಹಾಕಿಕೊಂಡರೆ ಚಿಕ್ಕ ನಾಣ್ಯದಷ್ಟು ಜಾಗ ತುಂಬುತ್ತದೆ. ಇಷ್ಟೇನಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬೆನ್ನಿನ ನಡುವಿನವರೆಗೆ ಉದ್ದ ಇದ್ದರೆ ಒಂದು ಟೀ ಚಮಚ. ಅದಕ್ಕಿಂತ ಮೇಲೆ ಬೇಡ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗಿದ್ದರೆ ಬೇಕಾದಷ್ಟನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ. ಒಲೆಯ ಮೇಲೆ ನೇರವಾಗಿ ಇಡುವ ಅಗತ್ಯವಿಲ್ಲ. ಮಣಿಕಟ್ಟಿನ ಒಳಗೆ ಒಂದು ಹನಿ ಹಾಕಿಕೊಂಡಾಗ ಬೆಚ್ಚಗೆ ಅನ್ನಿಸಬೇಕು, ಚುರುಕ್ ಅನ್ನಬಾರದು.

ಎಣ್ಣೆಯನ್ನು ಎರಡೂ ಅಂಗೈಗೆ, ಬೆರಳ ಸಂದಿಗೂ ಸವರಿಕೊಳ್ಳಿ. ಅಂಗೈ ಮಿನುಗಬೇಕು, ಆದರೆ ಎಣ್ಣೆ ತೊಟ್ಟಿಕ್ಕಬಾರದು. ಕೂದಲನ್ನು ಎರಡು ಭಾಗ ಮಾಡಿ ಮುಂದಕ್ಕೆ ತಂದುಕೊಳ್ಳಿ. ಕಿವಿಯ ಮಟ್ಟದಿಂದ ಕೆಳಗೆ ಮಾತ್ರ ಕೈ ಎಳೆಯಿರಿ. ಮೊದಲು ತುದಿ, ಆಮೇಲೆ ನಡು. ತುದಿಗಳು ಎಲ್ಲಕ್ಕಿಂತ ಹಳೆಯವು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಭುಜದವರೆಗಿನ ಕೂದಲಿನ ತುದಿಗೆ ಎರಡು ವರ್ಷಕ್ಕೂ ಮೇಲೆ ವಯಸ್ಸಾಗಿರುತ್ತದೆ. ಅಷ್ಟು ದಿನದ ನೀರು, ಬಿಸಿಲು, ಬಾಚಣಿಗೆ ಎಲ್ಲವನ್ನೂ ಕಂಡ ಜಾಗ ಅದು. ಎಣ್ಣೆಯ ಅಗತ್ಯ ಅಲ್ಲಿಯೇ. ಬುಡದ ಹತ್ತಿರದ ಎಳೆ ಹೊಸದು, ನೆತ್ತಿಯಿಂದ ತಾನಾಗಿ ಬರುವ ಜಿಡ್ಡೂ ಅದಕ್ಕೆ ಸಿಗುತ್ತದೆ.

ಈಗ ಹೊತ್ತು. ತೆಳು ಕೂದಲಿಗೆ 30 ರಿಂದ 60 ನಿಮಿಷ ಬಿಡಿ. ಸಡಿಲವಾಗಿ ಸುತ್ತಿ ಕ್ಲಿಪ್ ಹಾಕಿ, ಬಿಗಿಯಾಗಿ ಹೆಣೆಯಬೇಡಿ. ಒಂದು ಗಂಟೆಯ ಮೇಲೆ ಬಿಟ್ಟರೆ ಸಿಗುವ ಲಾಭ ಕಡಿಮೆ, ತೊಳೆಯುವ ಕಷ್ಟ ಜಾಸ್ತಿ. ಹೊತ್ತು ಕಳೆದ ಹಾಗೆ ಎಣ್ಣೆ ತುದಿಯಿಂದ ಮೇಲಕ್ಕೂ ಹರಡುತ್ತದೆ. ದಿಂಬಿಗೆ ತಲೆಯಿಟ್ಟು ಹೊರಳಾಡಿದರೆ ಬುಡಕ್ಕೂ ಬರುತ್ತದೆ.

ಇದಕ್ಕೆ ಒಂದು ವಿನಾಯಿತಿ ಇದೆ. ಬ್ಲೀಚ್ ಮಾಡಿದ ಅಥವಾ ಮತ್ತೆ ಮತ್ತೆ ಬಣ್ಣ ಹಾಕಿದ ತೆಳು ಕೂದಲು ನೀರನ್ನು ಬೇಗ ಹೀರುತ್ತದೆ. ಅದರ ಹೊರಪದರದ ಸಹಜ ಜಿಡ್ಡು ಹೋಗಿರುತ್ತದೆ. ಅಂಥ ತುದಿಗಳಿಗೆ ಎರಡು ಗಂಟೆಯವರೆಗೂ ಬಿಡಬಹುದು. ಆದರೂ ಅಳತೆ ಮಾತ್ರ ಅಷ್ಟೇ ಇರಲಿ.

ತೊಳೆಯುವಾಗ ಮೊದಲು ನೀರು ಸುರಿಯಬೇಡಿ

ಎಣ್ಣೆ ಇರುವ ತಲೆಗೆ ನೀರು ಸುರಿದರೆ ಅದು ಜಾರಿ ಹೋಗುತ್ತದೆ. ಆಮೇಲೆ ಹಾಕಿದ ಶಾಂಪೂ ನೊರೆ ಬರುವುದಿಲ್ಲ. ನೊರೆ ಬರಲಿಲ್ಲ ಅಂತ ಮತ್ತೆ ಶಾಂಪೂ ಹಾಕುತ್ತೇವೆ. ಅದರ ಬದಲು ಎಣ್ಣೆ ಹಚ್ಚಿದ ಒಣ ಉದ್ದಕ್ಕೆ ಮೊದಲು ಸ್ವಲ್ಪ ಕಂಡೀಷನರ್ ಹಚ್ಚಿ. ಭುಜದವರೆಗಿನ ಕೂದಲಿಗೆ ಒಂದು ಟೀ ಚಮಚ ಸಾಕು. ಎರಡು ನಿಮಿಷ ಬೆರಳಿನಿಂದ ಕೆಳಮುಖವಾಗಿ ನೀವಿ. ಎಣ್ಣೆ ಅದರ ಜೊತೆ ಬೆರೆತು ಹಾಲಿನಂತೆ ಬೆಳ್ಳಗಾಗುತ್ತದೆ. ಕಣ್ಣಿಗೆ ಕಾಣುವ ಹಾಗೆ ಬೆಳ್ಳಗಾದರೆ ಎಣ್ಣೆ ನೀರಿಗೆ ಸೇರಲು ತಯಾರಾಯಿತು ಅಂತ ಅರ್ಥ. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಶಾಂಪೂವನ್ನು ನೆತ್ತಿಗೆ ಮಾತ್ರ ಹಾಕಿ. ಇಳಿದು ಬರುವ ನೊರೆಯೇ ಉದ್ದವನ್ನು ತೊಳೆಯುತ್ತದೆ. ಇಷ್ಟಾದ ಮೇಲೆ ತೆಳು ಕೂದಲಿಗೆ ಕೊನೆಯಲ್ಲಿ ಇನ್ನೊಮ್ಮೆ ಕಂಡೀಷನರ್ ಬೇಕಾಗುವುದಿಲ್ಲ. ಬೇಕೇ ಬೇಕು ಅನ್ನಿಸಿದರೆ ಕೊನೆಯ ನಾಲ್ಕು ಬೆರಳಷ್ಟು ತುದಿಗೆ ಮಾತ್ರ.

ಅರ್ಧ ತಲೆಯ ಪರೀಕ್ಷೆ

ನಾನು ನಂಬಿದ್ದು ಲೆಕ್ಕ ಓದಿ ಅಲ್ಲ, ಇದನ್ನು ಮಾಡಿ ನೋಡಿ. ಒಂದು ಶನಿವಾರ ರಾತ್ರಿ ನಡುಬೈತಲೆ ತೆಗೆದು, ಎಡಭಾಗಕ್ಕೆ ಮಾತ್ರ ಕಾಲು ಟೀ ಚಮಚ ಎಣ್ಣೆ ಹಚ್ಚಿ ಸಡಿಲವಾಗಿ ಹೆಣೆದು ಮಲಗಿದೆ. ಬಲಭಾಗವನ್ನು ಹಾಗೇ ಬಿಟ್ಟೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಲಭಾಗಕ್ಕೂ ಅಷ್ಟೇ ಎಣ್ಣೆ ಹಚ್ಚಿದೆ. ಮುಕ್ಕಾಲು ಗಂಟೆ ಬಿಟ್ಟು ಎರಡನ್ನೂ ಒಟ್ಟಿಗೆ ತೊಳೆದೆ. ಎರಡೂ ಕಡೆಗೆ ಅರ್ಧರ್ಧ ಚಮಚ ಕಂಡೀಷನರ್, ಆಮೇಲೆ ಒಂದೇ ಸಲ ಶಾಂಪೂ. ಗಾಳಿಗೆ ಒಣಗಲು ಬಿಟ್ಟೆ.

ಒದ್ದೆಯಿದ್ದಾಗ ವ್ಯತ್ಯಾಸ ಏನೂ ತಿಳಿಯಲಿಲ್ಲ. ಒಣಗಿದ ಮೇಲೆ ತಿಳಿಯಿತು. ಬಲಗಡೆ ತುದಿಗಳು ಬೆರಳಿಗೆ ನಯವಾಗಿದ್ದವು, ಎಳೆಗಳು ಬಿಡಿ ಬಿಡಿಯಾಗಿದ್ದವು. ಎಡಗಡೆ ತುದಿ ಅಷ್ಟೇ ನಯ, ಅದಕ್ಕಿಂತ ಜಾಸ್ತಿ ಏನಿಲ್ಲ. ಆದರೆ ಕಿವಿಯ ಮೇಲಿನ ಭಾಗ ಚಪ್ಪಟೆಯಾಗಿ ಕೂತಿತ್ತು. ಕಿವಿಯ ಹಿಂದೆ ಮೂರ್ನಾಲ್ಕು ಗೊಂಚಲು ಪೆನ್ಸಿಲ್‌ನಷ್ಟು ದಪ್ಪಕ್ಕೆ ಅಂಟಿಕೊಂಡಿದ್ದವು. ರಾತ್ರಿ ಹೊರಳಾಡುವಾಗ ಎಣ್ಣೆ ಅಲ್ಲಿಗೆ ಹತ್ತಿತ್ತು. ಅಂದರೆ ಹೆಚ್ಚುವರಿ ಎಂಟು ಗಂಟೆ ತುದಿಗೆ ಏನೂ ಕೊಡಲಿಲ್ಲ, ಬುಡವನ್ನು ಮಾತ್ರ ಕೆಡಿಸಿತು. ಮುಂದಿನ ಎರಡು ವಾರ ಭಾಗ ಅದಲು ಬದಲು ಮಾಡಿ ನೋಡಿದೆ, ಯಾಕಂದರೆ ನಾನು ಎಡಮಗ್ಗುಲಾಗಿ ಮಲಗುವವಳು. ಸ್ವಲ್ಪ ಕಡಿಮೆ ಆಯಿತೇ ಹೊರತು ಫಲ ಬದಲಾಗಲಿಲ್ಲ.

ನೀವು ಮಾಡುವಾಗ ಒಂದೇ ಒಂದು ವಿಷಯ ಬದಲಾಯಿಸಿ. ಹೊತ್ತನ್ನು ನೋಡುತ್ತಿದ್ದರೆ ಅಳತೆ ಎರಡೂ ಕಡೆ ಒಂದೇ ಇರಲಿ. ಅಳತೆಯನ್ನು ನೋಡುತ್ತಿದ್ದರೆ ಹೊತ್ತು ಒಂದೇ ಇರಲಿ. ಫಲವನ್ನು ಒಣಗಿದ ತಕ್ಷಣ ಒಮ್ಮೆ, ಮಾರನೇ ದಿನ ಬೆಳಿಗ್ಗೆ ಒಮ್ಮೆ ನೋಡಿ. ಒಣಗಿದ ತಕ್ಷಣ ಚೆನ್ನಾಗಿದ್ದು ಮಾರನೇ ದಿನ ಬೀಳುವ ಕೂದಲು ಅಂದರೆ ಸ್ವಲ್ಪ ಎಣ್ಣೆ ಉಳಿದಿದೆ.

ದಪ್ಪ ಕೂದಲಿಗೆ ಆತುರ ಬೇಡ

ನನ್ನ ತಂಗಿಗೆ ಇದರ ಉಲ್ಟಾ ಆಯಿತು. ನನಗೆ ಮುಕ್ಕಾಲು ಗಂಟೆ ಸರಿಹೋಯಿತು ಅಂತ ಅವಳೂ ಹಾಗೇ ಮಾಡಿದಳು. "ಅಕ್ಕ, ಎಣ್ಣೆ ಹಚ್ಚಿದ ಹಾಗೇ ಇಲ್ಲ ಕಣೇ, ತುದಿ ಪೊರಕೆ ಥರ ಆಗಿದೆ" ಅಂದಳು. ಅವಳದು ಸೊಂಟದವರೆಗಿನ ಅಲೆ ಅಲೆ ಕೂದಲು, ಎಳೆ ದಪ್ಪ, ಒತ್ತೂ ಜಾಸ್ತಿ. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಮೇಲೆ ಮೇಲೆ ಸವರಿದ್ದಳು. ಹೊರಗಿನ ಪದರಕ್ಕೆ ಎಣ್ಣೆ ಹತ್ತಿತ್ತು, ಒಳಗಿನ ಕೂದಲು ಒಣ ಒಣ. ಮುಕ್ಕಾಲು ಗಂಟೆ ಆ ಎಳೆಗೆ ಸಾಲುವುದೂ ಇಲ್ಲ.

ದಪ್ಪ ಕೂದಲಿಗೆ ಭಾಗ ಮಾಡುವುದೇ ಅರ್ಧ ಕೆಲಸ. ನಾಲ್ಕು ಭಾಗ ಮಾಡಿ, ಒತ್ತು ಜಾಸ್ತಿ ಇದ್ದರೆ ಆರು. ಒಂದೊಂದಕ್ಕೂ ಕ್ಲಿಪ್ ಹಾಕಿ. ಒಂದು ಭಾಗ ಬಿಚ್ಚಿ, ಅದನ್ನೂ ಎರಡು ಮೂರು ಬೆರಳಗಲದ ಎಸಳುಗಳಾಗಿ ಬಿಡಿಸಿ ಹಚ್ಚಿ. ಸೊಂಟದವರೆಗಿನ ಒತ್ತು ಕೂದಲಿಗೆ ನಾಲ್ಕು ಟೀ ಚಮಚ, ಅಂದರೆ 20 ಮಿಲಿಲೀಟರ್ ಹಿಡಿಸುತ್ತದೆ. ಭುಜದವರೆಗಾದರೆ ಎರಡು. ಪ್ರತಿ ಭಾಗಕ್ಕೂ ಪಾಲು ಮಾಡಿಕೊಂಡು ಹಚ್ಚಿ, ಇಲ್ಲದಿದ್ದರೆ ಮೊದಲ ಎರಡು ಭಾಗಕ್ಕೇ ಮುಗಿದುಹೋಗುತ್ತದೆ. ಹಚ್ಚಿದ ಮೇಲೆ ಆ ಎಸಳನ್ನು ಅಂಗೈಗಳ ನಡುವೆ ಒತ್ತಿ ಹಿಡಿದು ಕೆಳಗೆ ಎಳೆಯಿರಿ. ಒಳಗಿನ ಎಳೆಯೂ ಮಿನುಗಬೇಕು. ಒಂದು ಎಸಳನ್ನು ನಡುವೆ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ.

ಬಿಡುವ ಹೊತ್ತು ಮೂರರಿಂದ ನಾಲ್ಕು ಗಂಟೆ. ಬಿಡುವಿಲ್ಲದವರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬಹುದು. ದಪ್ಪ ಎಳೆಗೆ ಅದರಿಂದ ತೊಂದರೆಯಿಲ್ಲ. ನೆತ್ತಿಗೆ ಹತ್ತದಂತೆ ಹೆಣೆದು, ದಿಂಬಿನ ಮೇಲೆ ಹಳೆಯ ಬಟ್ಟೆ ಹಾಸಿಕೊಳ್ಳಿ. ಒಂದು ರಾತ್ರಿಗಿಂತ ಮೇಲೆ, ಎರಡು ದಿನ ಮೂರು ದಿನ ಹಾಗೇ ಇಟ್ಟುಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಇಳಿಯಬೇಕಾದ್ದು ಇಳಿದಿರುತ್ತದೆ, ಉಳಿದದ್ದಕ್ಕೆ ದೂಳು ಹತ್ತುತ್ತದೆ.

ತಂಗಿ ಮಾಡಿದ ಬದಲಾವಣೆ ಇಷ್ಟೇ: ಆರು ಭಾಗ, ನಾಲ್ಕು ಚಮಚ, ನಾಲ್ಕು ಗಂಟೆ. ತೊಳೆಯುವಾಗ ಮೂರು ಚಮಚ ಕಂಡೀಷನರ್ ಮೊದಲು, ಆಮೇಲೆ ಶಾಂಪೂ ಒಂದು ಸಲ, ಕೊನೆಯಲ್ಲಿ ಉದ್ದಕ್ಕೆ ಮತ್ತೆ ಕಂಡೀಷನರ್. ಕೊನೆಯದನ್ನು ಅವಳು ಬಿಡುವ ಹಾಗಿಲ್ಲ, ಬಿಟ್ಟರೆ ಸಿಕ್ಕು ಬೀಳುತ್ತದೆ. ಮೊದಲ ವಾರದಲ್ಲೇ ಒದ್ದೆ ಕೂದಲಿನ ಸಿಕ್ಕು ಬಿಡಿಸುವ ಹೊತ್ತು ಕಡಿಮೆಯಾಯಿತು. ದಪ್ಪ ಕೂದಲಿಗೆ ಎಣ್ಣೆ ಸಾಲದಿದ್ದರೆ ಮೊದಲು ತಿಳಿಯುವುದು ಇಲ್ಲಿಯೇ. ತೊಳೆದಾಗ ಬಾಚಣಿಗೆ ಕಿರಕಿರ ಅಂದು ನಿಂತರೆ, ತುಂಡು ತುಂಡು ಎಳೆ ಬಂದರೆ, ಎಣ್ಣೆ ಒಳಗೆ ತಲುಪಿಲ್ಲ. ಬುಡದಲ್ಲಿ ಪುಟ್ಟ ಬಿಳಿ ಗಂಟಿರುವ ಪೂರ್ತಿ ಎಳೆ ಬಂದರೆ ಅದು ಬೇರೆ. ಅದು ತಾನಾಗಿ ಉದುರಿದ್ದು. ದಿನಕ್ಕೆ ಐವತ್ತರಿಂದ ನೂರು ಎಳೆ ಉದುರುವುದು ಸಹಜ. ಎಣ್ಣೆ ಹಚ್ಚುವಾಗ ಎರಡು ಮೂರು ದಿನದ್ದು ಒಟ್ಟಿಗೆ ಕೈಗೆ ಬರುತ್ತದೆ, ಅದಕ್ಕೆ ಹೆದರಬೇಡಿ.

ಹರಳೆಣ್ಣೆಯ ಬಗ್ಗೆ ಒಂದು ಮಾತು. ಅದು ತುಂಬ ಮಂದ, ತೊಳೆಯುವುದು ಕಷ್ಟ. ದಪ್ಪ ಕೂದಲಿನವರು ಕೊಬ್ಬರಿ ಎಣ್ಣೆಗೆ ನಾಲ್ಕರಲ್ಲಿ ಒಂದು ಪಾಲು ಬೆರೆಸಿಕೊಳ್ಳಬಹುದು. ತೆಳು ಕೂದಲಿನವರು ಮುಟ್ಟದಿರುವುದೇ ಒಳ್ಳೆಯದು.

ನೆತ್ತಿಯ ವಿಷಯ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲಾ ಎಳೆಗೆ. ನೆತ್ತಿಯ ಚರ್ಮಕ್ಕೆ ಈ ಹೊತ್ತಿನ ಲೆಕ್ಕ ಹೊಂದುವುದಿಲ್ಲ. ಎಳೆ ದಪ್ಪ ಇರಲಿ, ತೆಳು ಇರಲಿ, ನೆತ್ತಿಗೆ ಎಣ್ಣೆ ರಾತ್ರಿಯಿಡೀ ಬೇಕಿಲ್ಲ. ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಅನ್ನೋ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಅದರ ಆಹಾರವೇ ಎಣ್ಣೆಯಲ್ಲಿರುವಂಥ ಕೊಬ್ಬಿನಾಮ್ಲಗಳು. ಹೊಟ್ಟು ಕಂಡಾಗ "ನೆತ್ತಿ ಒಣಗಿದೆ, ಎಣ್ಣೆ ಹಚ್ಚು" ಅನ್ನುತ್ತೇವೆ. ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಹೊಟ್ಟು ಇದ್ದರೆ ಅದರಿಂದ ಜಾಸ್ತಿಯಾಗುವ ಸಾಧ್ಯತೆಯೇ ಹೆಚ್ಚು. ಅಂಥವರು ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ. ನೆತ್ತಿ ಕೆಂಪಾಗಿ, ತುರಿಕೆ ವಾರಗಟ್ಟಲೆ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಹೊಟ್ಟಿಲ್ಲ, ನೆತ್ತಿಗೆ ಹಚ್ಚಿದರೆ ಹಿತ ಅನ್ನಿಸುತ್ತದೆ ಅಂದರೆ ತೊಳೆಯುವ ಅರ್ಧ ಗಂಟೆ ಮುಂಚೆ ಬೆರಳ ತುದಿಗೆ ಹತ್ತಿದಷ್ಟು ಹಚ್ಚಿ, ಉಗುರು ತಾಗಿಸದೆ ಮೆಲ್ಲಗೆ ಒತ್ತಿ. ಹಣೆಯ ಅಂಚಿನಲ್ಲಿ ಎಣ್ಣೆ ಇಳಿಯದ ಹಾಗೆ ನೋಡಿಕೊಳ್ಳಿ. ಅಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದರೆ ಎಣ್ಣೆಯೇ ಕಾರಣ ಇರಬಹುದು. ಎರಡು ವಾರ ಆ ಅಂಚನ್ನು ಬಿಟ್ಟು ಹಚ್ಚಿ ನೋಡಿ.

ತೊಳೆದರೂ ಜಿಡ್ಡು ಉಳಿದಿದ್ದರೆ

ಹಾಗಾದ ದಿನ ಮತ್ತೆ ತಲೆ ಒದ್ದೆ ಮಾಡಿ ಉಜ್ಜಲು ಹೋಗಬೇಡಿ. ಜಿಡ್ಡು ಎಲ್ಲಿದೆ ಅಂತ ಮೊದಲು ನೋಡಿ. ಒಂದು ಒಣ ಟಿಶ್ಯೂ ಕಾಗದವನ್ನು ಬೈತಲೆಯ ಮೇಲೆ ಒತ್ತಿ, ಆಮೇಲೆ ತುದಿಗಳನ್ನು ಅದರ ನಡುವೆ ಹಿಡಿದು ಒತ್ತಿ. ಬೈತಲೆಯಲ್ಲಿ ಮಾತ್ರ ಕಲೆ ಬಿದ್ದರೆ ಹಚ್ಚುವಾಗ ಮೇಲೆ ಹೋಗಿದ್ದೀರಿ ಅಥವಾ ಜಾಸ್ತಿ ಹೊತ್ತು ಬಿಟ್ಟಿದ್ದೀರಿ. ಮುಂದಿನ ಸಲ ಎರಡು ಬೆರಳಷ್ಟು ಕೆಳಗಿನಿಂದ ಶುರು ಮಾಡಿ. ತುದಿಯಲ್ಲಿ ಕಲೆ ಬಿದ್ದರೆ ಅಳತೆ ಜಾಸ್ತಿಯಾಗಿದೆ. ಮುಂದಿನ ಸಲ ಕಾಲು ಭಾಗ ಕಡಿಮೆ ಮಾಡಿ, ಹೊತ್ತನ್ನು ಮುಟ್ಟಬೇಡಿ. ಕಾಗದ ಒಣಗಿಯೇ ಇದ್ದೂ ಕೂದಲು ಮಾತ್ರ ಚಪ್ಪಟೆ ಅನ್ನಿಸಿದರೆ ಕೊನೆಯಲ್ಲಿ ಹಾಕಿದ ಕಂಡೀಷನರ್ ಪೂರ್ತಿ ಹೋಗಿರಲಿಕ್ಕಿಲ್ಲ.

ನಾನು ಈಗ ವಾರಕ್ಕೆ ಒಂದು ಸಲ ಹಚ್ಚುತ್ತೇನೆ, ಅರ್ಧ ಚಮಚ, ನಲವತ್ತೈದು ನಿಮಿಷ. ಮಳೆಗಾಲದಲ್ಲಿ ಕೂದಲು ತಾನೇ ತೂಕವಾಗಿ ಬೀಳುವಾಗ ಅದನ್ನೂ ಅರ್ಧ ಗಂಟೆಗೆ ಇಳಿಸುತ್ತೇನೆ. ಅದೇ ಬಾಟಲಿಯಿಂದ ತಂಗಿ ನಾಲ್ಕು ಚಮಚ ತೆಗೆದುಕೊಂಡು ನಾಲ್ಕು ಗಂಟೆ ಕೂರುತ್ತಾಳೆ.